ತುಟಿಗೆ ತಕ್ಕ ದನಿ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಪರದೆಯ ಮೇಲಿನ ಜನ ಏನು ಮಾತಾಡುತ್ತಿದ್ದಾರೆ ಅನ್ನುವುದನ್ನು ಅವರು ಕೇಳಿಸಿಕೊಳ್ಳುವುದೇ ಇಲ್ಲ. ಕೇಳಿಸಿಕೊಂಡು ಮಾಡುವುದಾದರೂ ಏನು ಹೇಳಿ? ಸೋದರತ್ತೆ ಅಡುಗೆಯವರನ್ನು ಬೈಯುತ್ತಿರುತ್ತಾಳೆ, ಮದುಮಗ ಶೂ ಎಲ್ಲಿ ಬಿಟ್ಟೆ ಅಂತ ಹುಡುಕುತ್ತಿರುತ್ತಾನೆ. ಅದನ್ನೆಲ್ಲ ಒಟ್ಟಿಗೆ ಮ್ಯೂಟ್ ಮಾಡಿ ಮೇಲೊಂದು ಹಾಡು ಹಾಕಿಬಿಟ್ಟರೆ ಎರಡೂ ಕಡೆಯ ಬೀಗರು ಖುಷಿ.

ನಮ್ಮ ಅಪೂರ್ವಾಗೂ ಅದೇ ಅಭ್ಯಾಸ. ಅಹಮದಾಬಾದಿನ ಮಣಿನಗರದಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ, ಪ್ರವೀಣ್‌ಭಾಯ್ ಅವರ ಸ್ಟುಡಿಯೋದಲ್ಲಿ ಅವಳು ಎಡಿಟರ್. ಅಪ್ಪನನ್ನು ವಿಮಾ ಕಂಪನಿಯವರು ಭೋಪಾಲಕ್ಕೆ ವರ್ಗ ಮಾಡಿದಾಗ ಅಪ್ಪ ಅಮ್ಮ ಹೋದರು, ಇವಳು ಇಬ್ಬರು ಗೆಳತಿಯರ ಜೊತೆ ಫ್ಲ್ಯಾಟ್ ಹಿಡಿದು ಇಲ್ಲೇ ಉಳಿದಳು. ಪ್ರವೀಣ್‌ಭಾಯ್ ಒಳ್ಳೆಯ ಮನುಷ್ಯ, ಸಂಬಳ ತಡ ಮಾಡುವವರಲ್ಲ. ಆದರೆ ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತೊಂದೇ: "ಚಾಲ್ಶೆ." ನಡೆಯುತ್ತೆ ಬಿಡು ಅಂತ. ಬಣ್ಣ ಸ್ವಲ್ಪ ಹಳದಿಯಾಯಿತಾ? ಚಾಲ್ಶೆ. ವಧುವಿನ ಮಾವನ ತಲೆ ಅರ್ಧ ಕತ್ತರಿಸಿ ಹೋಯಿತಾ? ಚಾಲ್ಶೆ. ಕೂಡಿ ಕೆಲಸ ಮಾಡುತ್ತಾ ಮಾಡುತ್ತಾ ಆ ಮಾತು ಅಪೂರ್ವಾಳ ಕೈಗೂ ಇಳಿದುಬಿಟ್ಟಿತ್ತು.

ಇಂಥವಳ ಕೈಗೆ ಕನ್ನಡ ಸಂಘದವರು ಅನಸೂಯಮ್ಮನ ಬೀಳ್ಕೊಡುಗೆಯ ವಿಡಿಯೋ ಮಾಡುವ ಕೆಲಸ ಕೊಟ್ಟರು.

ಅನಸೂಯಮ್ಮ ಅಂದರೆ ಮಣಿನಗರದ ಕನ್ನಡದ ಮಕ್ಕಳಿಗೆಲ್ಲ ಭಾನುವಾರದ ಟೀಚರ್. ದಾವಣಗೆರೆ ಕಡೆಯವರು. ಗಂಡ ಲಿಂಗರಾಜ, ಅಪೂರ್ವಾಳ ಅಪ್ಪನ ಜೊತೆ ಅದೇ ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಆಯಿತು ಅಂದರೆ ಅವರ ಮನೆಯ ಹಾಲಿನಲ್ಲಿ ಚಾಪೆ ಬೀಳುತ್ತಿತ್ತು. ಬ್ಯಾಂಕಿನವರ ಮಕ್ಕಳು, ರೈಲ್ವೆಯವರ ಮಕ್ಕಳು, ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುವ ಪುಣ್ಯಾತ್ಮರು, ಸಾಲಾಗಿ ಬಂದು ಕೂರುತ್ತಿದ್ದರು. ಕಲಿಸಿದ್ದು ಬರೀ ಅಕ್ಷರವಲ್ಲ. ಅಜ್ಜಿಗೆ ಫೋನ್ ಮಾಡಿದರೆ ಏನು ಕೇಳಬೇಕು, ದೊಡ್ಡಪ್ಪ ಬಂದರೆ "ಬಂದ್ಯಾ" ಅನ್ನಬಾರದು "ಬನ್ನಿ" ಅನ್ನಬೇಕು, ಜಗಳ ಆಡುವುದಾದರೂ ಕನ್ನಡದಲ್ಲೇ ಆಡಬೇಕು. ಅಪೂರ್ವಾಳ ಕನ್ನಡ ಪೂರ್ತಿ ಆ ಚಾಪೆಯ ಮೇಲೆ ಹುಟ್ಟಿದ್ದು.

ಆ ಅನಸೂಯಮ್ಮನ ಕಿವಿ ಮಂದವಾಗುತ್ತಾ ಬಂದಿತ್ತು. ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದರು. ಮೆಷಿನ್ ಹಾಕಿದ ಮೇಲೆ ಎಲ್ಲ ಸರಿಹೋಯಿತು ಅಂತ ಜನ ತಿಳಿದರು, ಜನಕ್ಕೇನು. ನಿಜ ಏನೆಂದರೆ ಮೆಷಿನ್ನು ಸದ್ದನ್ನು ತಂದು ಕಿವಿಗೆ ಸುರಿಯುತ್ತಿತ್ತು, ಅದರಲ್ಲಿ ಮಾತು ಯಾವುದು ಅಂತ ಆರಿಸುತ್ತಿದ್ದದ್ದು ಅವರ ಕಣ್ಣು. ಎದುರಿನವರ ತುಟಿ ನೋಡಿ, ಕಿವಿಗೆ ಬಿದ್ದದ್ದಕ್ಕೆ ಅದನ್ನು ಹೊಂದಿಸಿ, ಅರ್ಥ ಮಾಡಿಕೊಳ್ಳುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳಿದವರಲ್ಲ. ಗಂಡನನ್ನು ಬಿಟ್ಟರೆ ಅಪೂರ್ವಾಗೆ ಮಾತ್ರ ಗೊತ್ತಿತ್ತು. ಒಮ್ಮೆ ಅವರ ಮನೆಯಲ್ಲಿ ಚಹಾ ಕುಡಿಯುತ್ತಾ ಮಾತಾಡುವಾಗ ಲೋಟ ಬಾಯಿಗೆ ಅಡ್ಡ ಹಿಡಿದದ್ದಕ್ಕೆ, "ಲೋಟ ಇಳಿಸಿ ಮಾತಾಡೇ ಪುಟ್ಟಿ, ನಿನ್ನ ಮಾತು ಲೋಟದೊಳಗೆ ಬಿತ್ತು" ಅಂದಿದ್ದರು.

ತಿಳಿಯದೆ ಹೋದಾಗ ಅನಸೂಯಮ್ಮ ಇನ್ನೊಂದು ಮಾತು ಹೇಳುತ್ತಿದ್ದರು. ನಕ್ಕು, ತಲೆಯಾಡಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಿದ್ದರು. ಎರಡು ಸಲ "ಚೆನ್ನಾಗಿದೆ" ಬಂದರೆ ಒಂದಕ್ಷರ ತಲುಪಿಲ್ಲ ಅಂತಲೇ ಲೆಕ್ಕ. ಇದೂ ಅಪೂರ್ವಾಗೆ ಗೊತ್ತಿತ್ತು.

ಈ ವರ್ಷ ಅವರು ತರಗತಿ ನಿಲ್ಲಿಸುತ್ತೇನೆ ಅಂದರು. ಮಕ್ಕಳು ಓದುವಾಗ ತಪ್ಪು ಎಲ್ಲಿ ಮಾಡಿದರು ಅಂತ ತನಗೇ ತಿಳಿಯದಿದ್ದರೆ ಕಲಿಸುವುದು ಹೇಗೆ, ಅದು ಮಕ್ಕಳಿಗೆ ಮೋಸ ಅಂದರು. ಸಂಘದವರು ಹೂಂ ಅಂದು, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲದಕ್ಕೂ ಏರ್ಪಾಡು ಮಾಡಿದರು. ತರಗತಿ ಉಳಿಸಿಕೊಳ್ಳುವ ಬಗ್ಗೆ ಮಾತ್ರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಮ್ಮ ಜನಕ್ಕೆ ಸನ್ಮಾನ ಮಾಡುವ ಹುರುಪಿನಲ್ಲಿ ಮನುಷ್ಯ ಕಾಣುವುದಿಲ್ಲ ನೋಡಿ.

ಅಪೂರ್ವಾ ಮಾತ್ರ ಒಂದು ಆಸೆ ಇಟ್ಟುಕೊಂಡಳು. ಕಲಿತ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕನ್ನಡದಲ್ಲಿ ಮಾತಾಡಿ ಕಳಿಸಲಿ, ಅದನ್ನೆಲ್ಲ ಜೋಡಿಸಿ ತೋರಿಸೋಣ. ಮುಖಗಳನ್ನು ನೋಡಿದರೆ, ಮಾತು ಕೇಳಿದರೆ, ಟೀಚರ್ ಮನಸ್ಸು ಬದಲಾಯಿಸಿಯಾರು.

ಕ್ಲಿಪ್‌ಗಳು ಬಂದವು. ವಡೋದರದ ಹತ್ತಿರ ಕೊಯಾಲಿಯ ಟೌನ್‌ಶಿಪ್ಪಿನಿಂದ ರೋಹನ್ ಕಳಿಸಿದ. ರಿಫೈನರಿಯಲ್ಲಿ ಇಂಜಿನಿಯರು, ದುಬಾರಿ ಫೋನು, ಸೆಕೆಂಡಿಗೆ ಅರವತ್ತು ಚಿತ್ರ ಹಿಡಿಯುವಂಥದ್ದು. ಸೂರತ್ತಿನ ಅಡಾಜಣ್‌ನಿಂದ ವಿಂಧ್ಯಾ ಫೋನನ್ನು ಉದ್ದುದ್ದಕ್ಕೆ ಹಿಡಿದು ಮಾತಾಡಿ, ವಾಟ್ಸಾಪಿನಲ್ಲಿ ಹಾಕಿದಳು. ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿ ತಲುಪಿಸಿತು. ಒಬ್ಬ ಕ್ಯಾಮೆರಾದಲ್ಲಿ ಇಪ್ಪತ್ತೈದರ ವೇಗದಲ್ಲಿ ತೆಗೆದಿದ್ದ, ಇನ್ನೊಬ್ಬಳದು ಲ್ಯಾಪ್‌ಟಾಪಿನ ಮಬ್ಬು ಕ್ಯಾಮೆರಾ. ಈಗ ಕಲಿಯುತ್ತಿರುವ ಮಕ್ಕಳ ಪರವಾಗಿ ಮಣಿನಗರದ್ದೇ ಹುಡುಗಿ ಪ್ರಾರ್ಥನಾ, ನಾಲ್ಕನೇ ಕ್ಲಾಸು, ಸಂಜೆ ಅಡುಗೆಮನೆಯಲ್ಲಿ ಅಮ್ಮನ ಫೋನಿನ ಮುಂದೆ ನಿಂತು ಎಲ್ಲರಿಗಿಂತ ಉದ್ದಕ್ಕೆ ಮಾತಾಡಿದ್ದಳು. ಕೊನೆಗೆ ಅವಳು ಒಂದು ಮಾತು ಕೇಳಿಕೊಂಡಿದ್ದಳು, ಆ ಮಾತಿಗಾಗಿಯೇ ಅಪೂರ್ವಾ ಅವಳ ಕ್ಲಿಪ್ಪನ್ನು ಕಟ್ಟಕಡೆಗೆ ಇಟ್ಟಳು.

ಮೊದಲ ಸಲ ಅಪೂರ್ವಾ ಸುಲಭದ ದಾರಿ ಹಿಡಿದಳು. ಸ್ಟುಡಿಯೋದಲ್ಲಿ ಒಂದೇ ಕ್ಯಾಮೆರಾದ ತುಂಡುಗಳನ್ನು ಜೋಡಿಸಲು ಒಂದು ಪುಟ್ಟ ಸಾಧನವಿತ್ತು. ಅದು ಯಾವುದನ್ನೂ ಬದಲಿಸುವುದಿಲ್ಲ, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ ಅಷ್ಟೆ. ಎಲ್ಲವೂ ಒಂದೇ ಅಳತೆ, ಒಂದೇ ವೇಗ ಇದ್ದರೆ ಅದು ದೇವರಂಥದ್ದು. ಇಲ್ಲಿ ಒಂದೊಂದೂ ಒಂದೊಂದು ಥರ. ರೋಹನ್ ಸರಿಯಾಗಿ ಕಂಡ. ವಿಂಧ್ಯಾ ಬರುವ ಹೊತ್ತಿಗೆ ಚಿತ್ರ ರೋಹನ್‌ನ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು, ಅವನ ಬಾಯಿಂದ ವಿಂಧ್ಯಾಳ ದನಿ ಬಂತು. ಆಮೇಲೆ ಪರದೆ ತುಂಬ ಹಸಿರು ಚೌಕ. ಪಕ್ಕದಲ್ಲಿ ಕೂತಿದ್ದ ಪ್ರವೀಣ್‌ಭಾಯ್ ಅದಕ್ಕೆ ಮಾತ್ರ "ಚಾಲ್ಶೆ" ಅನ್ನಲಿಲ್ಲ.

ಹಾಗಾಗಿ ಎಲ್ಲವನ್ನೂ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿಗೆ ತಂದು ಹಾಕಿದಳು. ಮದುವೆಗಳಿಗೆ ಹೇಗೋ ಇದಕ್ಕೂ ಹಾಗೇ: ಅಗಲ ಸಾವಿರದ ಒಂಬೈನೂರ ಇಪ್ಪತ್ತು, ಎತ್ತರ ಸಾವಿರದ ಎಂಬತ್ತು, ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಚಿಕ್ಕದನ್ನು ಹಿಗ್ಗಿಸಿದಳು. ವಿಂಧ್ಯಾಳ ಉದ್ದ ಚಿತ್ರದ ಎಡಬಲದ ಖಾಲಿ ಜಾಗಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ತುಂಬಿದಳು. ತುಂಡು ತುಂಡಿನ ನಡುವೆ ಹೂ ಉದುರುವ ಎಫೆಕ್ಟು, ಕೆಳಗೆ ಮೆಲ್ಲನೆ ಕೊಳಲು. ಮಾಡಿ ಮುಗಿಸಿ, ಕೂಡಿಸಿದ ಜಾಗಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಎಲ್ಲೂ ಎಗರಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಪ್ರತಿ ಕ್ಲಿಪ್ಪೂ ಶುರುವಿನಲ್ಲಿ ಅಚ್ಚುಕಟ್ಟು. ಪ್ರತಿ ಕ್ಲಿಪ್ಪೂ ಕೊನೆಯಲ್ಲಿ ಹೂವಿನಡಿ ಮುಚ್ಚಿಹೋಗುತ್ತಿತ್ತು. ನಡುವೆ ಪೂರ್ತಿ ಕೂತು ಯಾರು ನೋಡುತ್ತಾರೆ? ಮದುವೆಯ ಕೆಲಸದಲ್ಲಿ ಯಾರೂ ನೋಡುವುದಿಲ್ಲ. ಚಾಲ್ಶೆ, ಅಂದುಕೊಂಡು ಫೈಲು ಸಿದ್ಧ ಮಾಡಿದಳು.

ಭಾನುವಾರ ಸಭಾಭವನ ತುಂಬಿತ್ತು. ಶಾಲು ಆಯಿತು, ಹಾರವಾಯಿತು, ಕಾರ್ಯದರ್ಶಿಗಳ ಭಾಷಣ ಮುಗಿಯಲಿಕ್ಕೇ ಒಲ್ಲದೆ ಕೊನೆಗೆ ಮುಗಿಯಿತು. ಪರದೆ ಮೇಲೆ ರೋಹನ್ ಬಂದ. ಅಪೂರ್ವಾ ಗೋಡೆಗೆ ಒರಗಿ ನಿಂತು ಪರದೆ ಬಿಟ್ಟು ಅನಸೂಯಮ್ಮನ ಮುಖವನ್ನೇ ನೋಡುತ್ತಿದ್ದಳು.

ಮೊದಮೊದಲು ಅವರು ಮುಂದಕ್ಕೆ ಬಾಗಿ ಕೂತಿದ್ದರು. ಕಣ್ಣು ರೋಹನ್‌ನ ತುಟಿ ಮೇಲೆ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು. ವಿಂಧ್ಯಾ ಬಂದಾಗ ಅವರ ಕಣ್ಣು ಒಮ್ಮೆ ಅವಳ ಮೇಲೆ, ಒಮ್ಮೆ ಪಕ್ಕದ ಮಸುಕು ಮುಖದ ಮೇಲೆ ಹೋಗಿ ಬಂತು. ಆಮೇಲೆ ಕಣ್ಣು ಪರದೆಯಿಂದ ಇಳಿದು, ಮಡಿಲಲ್ಲಿದ್ದ ಶಾಲಿನ ಅಂಚಿಗೆ ಬಂದು ಕೂತಿತು. ಜನ ನಕ್ಕರೆ ಅವರು ತಡವಾಗಿ ನಕ್ಕರು. ಪ್ರಾರ್ಥನಾ ಕೊನೆಯ ಮಾತು ಹೇಳಿದಾಗ ಹಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಅನಸೂಯಮ್ಮ ಮಗುವಿನ ಚಿತ್ರಕ್ಕೆ ಕೈ ಬೀಸಿದರು, ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಬೀಸುವ ಹಾಗೆ.

ಎಲ್ಲ ಮುಗಿದ ಮೇಲೆ ಅಪೂರ್ವಾ ಹತ್ತಿರ ಹೋಗಿ, ಮುಖ ಕಾಣುವಂತೆ ಮಂಡಿಯೂರಿ ಕೂತು, "ಹೇಗಿತ್ತು ಆಂಟಿ?" ಅಂದಳು.

ಅನಸೂಯಮ್ಮ ಅವಳ ಕೆನ್ನೆ ಸವರಿದರು. "ಚೆನ್ನಾಗಿತ್ತು ಪುಟ್ಟಿ, ಚೆನ್ನಾಗಿತ್ತು."

ಅಪೂರ್ವಾ ಲೆಕ್ಕ ಹಾಕಿದಳು, ಎರಡು ಸಲ.

ಚಪ್ಪಲಿ ಹುಡುಕುವ ಗದ್ದಲದಲ್ಲಿ ಲಿಂಗರಾಜರು ಅವಳನ್ನು ಪಕ್ಕಕ್ಕೆ ಕರೆದರು. ಮಿತಭಾಷಿ ಮನುಷ್ಯ, ಹೆಂಡತಿಯ ಸಲುವಾಗಿ ನಿಧಾನವಾಗಿ ತುಟಿ ಬಿಡಿಸಿ ಮಾತಾಡಿ ಮಾತಾಡಿ ಈಗ ಎಲ್ಲರ ಜೊತೆಗೂ ಹಾಗೇ ಮಾತಾಡುತ್ತಿದ್ದರು.

"ತಪ್ಪು ತಿಳ್ಕೋಬ್ಯಾಡವ್ವ. ನೀನು ಕಷ್ಟಪಟ್ಟು ಮಾಡೀಯ. ಅವಳಿಗೆ ತಲೆನೋವು ಬಂದೈತೆ, ಮನೆಗೆ ಕರ್ಕೊಂಡು ಹೋಗ್ತೀನಿ."

"ಕೇಳಿಸ್ಲಿಲ್ವಾ ಅಂಕಲ್?"

"ಕೇಳಿಸ್ತಂತೆ. ಬಾಯಿ ಒಂದು ಹೇಳ್ತಿತ್ತು, ಕಿವಿ ಒಂದು ಹೇಳ್ತಿತ್ತು ಅಂದ್ಲು." ಅವರು ಚಪ್ಪಲಿಗೆ ಕಾಲು ತೂರಿಸಿ, ತಲೆ ಎತ್ತದೆ ಹೇಳಿದರು. "ಇಷ್ಟು ದಿವ್ಸ ಕಿವಿ ಹೋದ್ರೂ ತುಟಿ ಕೈ ಬಿಟ್ಟಿರಲಿಲ್ಲ, ಈಗ ಅದೂ ತಿಳೀವಲ್ದು, ನಿಲ್ಲಿಸಿದ್ದು ಒಳ್ಳೇದೇ ಆಯ್ತು ಅಂತಾಳೆ. ಕ್ಲಾಸಿನ ಬೋರ್ಡು ಗೋಡೆಯಿಂದ ಇಳಿಸಿದೀವಿ. ಯಾವುದೋ ಟ್ರಸ್ಟಿನ ಸ್ಕೂಲಿನವರು ಬಂದು ಒಯ್ತಾರಂತೆ."

ಅಪೂರ್ವಾ ಮೊದಲು ದೂರಿದ್ದು ಭವನದ ಸ್ಪೀಕರನ್ನು. ಬ್ಲೂಟೂತ್ ಸ್ಪೀಕರು, ಅದು ದನಿಯನ್ನು ಸ್ವಲ್ಪ ತಡ ಮಾಡಿ ಬಿಡುವುದು ಎಲ್ಲರಿಗೂ ತಿಳಿದ ಸಂಗತಿ. ಹಾಗಂದುಕೊಂಡರೆ ಮನಸ್ಸಿಗೆ ಹಿತವಾಗಿತ್ತು. ಮರುದಿನ ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ, ವೈರಿನ ಹೆಡ್‌ಫೋನ್ ಹಾಕಿಕೊಂಡು ತನ್ನದೇ ಫೈಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಜಿಗಿಸದೆ, ಓಡಿಸದೆ. ಕೂಡಿಸಿದ ಜಾಗವನ್ನಲ್ಲ, ತುಟಿಗಳನ್ನು.

ಹಿತ ಹೋಯಿತು. ಸ್ಪೀಕರಿನದು ಪಾಪ ಎಷ್ಟಿತ್ತೋ, ಇವಳದ್ದು ಅದಕ್ಕಿಂತ ಜಾಸ್ತಿ ಇತ್ತು.

ಪ್ರಾರ್ಥನಾಳ ಕ್ಲಿಪ್ಪು ಶುರುವಿನಲ್ಲಿ ಸರಿಯಾಗಿತ್ತು. ಹೋಗುತ್ತಾ ಹೋಗುತ್ತಾ ಬಾಯಿ ಮುಂದೆ ಓಡಿತು, ದನಿ ಹಿಂದೆ ಬಿತ್ತು. ಕೊನೆಯ ವಾಕ್ಯಕ್ಕೆ ಬರುವಾಗ ಮಗು ಬಾಯಿ ಮುಚ್ಚಿಯಾಗಿತ್ತು, ಮಾತು ಇನ್ನೂ ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೆ. ಕಿವಿ ಚೆನ್ನಾಗಿದ್ದವರು ಅದನ್ನು ಕ್ಷಮಿಸಿ ಮುಂದೆ ಹೋಗುತ್ತಾರೆ, ಗಮನಕ್ಕೂ ಬರುವುದಿಲ್ಲ. ತುಟಿಯನ್ನೇ ನೆಚ್ಚಿಕೊಂಡವರಿಗೆ ಅಷ್ಟು ಸಾಕು, ಇಡೀ ವಾಕ್ಯ ಕೈಜಾರುತ್ತದೆ.

ಮೂಲ ಕ್ಲಿಪ್ಪನ್ನು ಫೋನಿನಲ್ಲಿ ಹಾಕಿ ನೋಡಿದಳು. ಅದರಲ್ಲಿ ತುಟಿ, ಮಾತು ಎರಡೂ ಜೋಡೆತ್ತಿನ ಹಾಗೆ ಸಮಸಮ ನಡೆದಿದ್ದವು. ಅಂದರೆ ತಪ್ಪು ಮಗುವಿನದಲ್ಲ, ಫೋನಿನದಲ್ಲ, ಅನಸೂಯಮ್ಮನ ಕಿವಿಯದಂತೂ ಅಲ್ಲವೇ ಅಲ್ಲ.

"ಪ್ರವೀಣ್‌ಭಾಯ್, ಇದು ಯಾಕೆ ಜಾರುತ್ತೆ?" ಅಂತ ಹಿಂದಿಯಲ್ಲಿ ಕೇಳಿದಳು.

ಪ್ರವೀಣ್‌ಭಾಯ್ ಹಪ್ಪಳದಂಥ ಖಾಖ್ರಾ ಮುರಿಯುತ್ತಾ ಬಂದು ನೋಡಿದರು. "ಫೋನಿನ ಕ್ಲಿಪ್ ಅಲ್ವಾ. ಫೋನುಗಳದ್ದು ಒಂದೇ ವೇಗ ಇರೋದಿಲ್ಲ ಬೇಟಾ. ಮೂವತ್ತು ಅಂತ ಹೇಳುತ್ತೆ, ಬೆಳಕು ಕಮ್ಮಿ ಆದರೆ ಒಂದೊಂದು ಚಿತ್ರಕ್ಕೆ ಜಾಸ್ತಿ ಹೊತ್ತು ತಗೊಳ್ಳುತ್ತೆ, ಆ ಸೆಕೆಂಡಿಗೆ ಚಿತ್ರ ಕಮ್ಮಿ ಬೀಳುತ್ತೆ. ಫೋನಿಗೆ ಅದರ ಹೊತ್ತು ಗೊತ್ತಿರುತ್ತೆ. ನಮ್ಮ ಹಳೇ ಸಾಫ್ಟ್‌ವೇರಿಗೆ ಗೊತ್ತಾಗಲ್ಲ. ಅದು ಎಲ್ಲ ಮೂವತ್ತೇ ಅಂದುಕೊಂಡು ಓಡಿಸುತ್ತೆ." ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಮದುವೆಯಲ್ಲಿ ಗೊತ್ತಾಗಲ್ಲ. ಮೇಲೆ ಹಾಡಿರುತ್ತಲ್ಲ. ಚಾ..." ಅನ್ನುವಷ್ಟರಲ್ಲಿ ಅವಳ ಮುಖ ನೋಡಿ ಆ ಮಾತನ್ನು ಖಾಖ್ರಾದ ಜೊತೆ ನುಂಗಿಕೊಂಡರು. ಸ್ವಲ್ಪ ತಡೆದು, "ಎರಡು ದಿನ ಮೆಹ್ತಾ ಅವರ ಮದುವೆಯ ಸಂಗೀತ್ ವಿಡಿಯೋ ಪಕ್ಕಕ್ಕಿಡು" ಅಂದರು. ನಾನು ಮೊದಲೇ ಹೇಳಲಿಲ್ಲವೇ, ಒಳ್ಳೆಯ ಮನುಷ್ಯ ಅಂತ.

ಅಪೂರ್ವಾ ಈ ಸಲ ಬುಡದಿಂದ ಶುರು ಮಾಡಿದಳು.

ಮೊದಲು ಫೋನು ಹಿಡಿದಳು. "ವಿಂಧ್ಯಾ, ಆ ಕ್ಲಿಪ್ಪು ನಿನ್ನ ಫೋನಿನಲ್ಲಿ ಇನ್ನೂ ಇದೆಯಾ? ಅದನ್ನ ವಿಡಿಯೋ ಅಂತ ಕಳಿಸ್ಬೇಡ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸು. ಆಗ ವಾಟ್ಸಾಪು ಅದನ್ನ ಹಿಂಡಲ್ಲ."

"ಯಾಕೇ, ಫಂಕ್ಷನ್ ಮುಗೀತಲ್ಲ?" ಅಂತ ಸೂರತ್ತಿನಿಂದ ವಿಂಧ್ಯಾ.

"ಫಂಕ್ಷನ್ ಮುಗೀತು. ಆಂಟಿಗೆ ಅರ್ಥ ಆಗ್ಲಿಲ್ಲ."

"ಈಗಲೇ ಕಳಿಸ್ತೀನಿ," ಅಂದಳು ವಿಂಧ್ಯಾ. ಉಳಿದವರಿಗೂ ಅಪೂರ್ವಾ ಅದೇ ಮಾತು ಹೇಳಿದಳು. ರೋಹನ್ ಕೊಯಾಲಿಯಲ್ಲಿ ಶಿಫ್ಟ್ ಮುಗಿಸಿ ಬಂದವನು, ಹೆಲ್ಮೆಟ್ ತೆಗೆಯುವ ಮೊದಲೇ ಕಳಿಸಿದನಂತೆ.

ಮೂಲಗಳು ಬಂದ ಮೇಲೆ ಯಾವುದನ್ನೂ ನೇರ ಟೈಮ್‌ಲೈನಿಗೆ ಹಾಕಲಿಲ್ಲ. ಒಂದೊಂದನ್ನೂ ಬೇರೆಯಾಗಿ ಪರಿವರ್ತಿಸಿದಳು, ಒಂದೇ ಸ್ಥಿರ ವೇಗಕ್ಕೆ. ಪರಿವರ್ತಿಸುವ ಸಾಧನ ಫೋನು ಬರೆದಿಟ್ಟ ಹೊತ್ತನ್ನು ನೋಡಿ, ಚಿತ್ರ ಕಮ್ಮಿ ಬಿದ್ದ ಕಡೆ ಹಿಂದಿನ ಚಿತ್ರವನ್ನೇ ಇನ್ನೊಮ್ಮೆ ಇಟ್ಟು ಹೊತ್ತು ತುಂಬಿಸುತ್ತದೆ. ಆಗ ಚಿತ್ರ ಮುಂದೋಡುವುದಿಲ್ಲ. ಸ್ಟುಡಿಯೋದ ಇಪ್ಪತ್ತೈದನ್ನೂ ಬಿಟ್ಟಳು. ಹೆಚ್ಚಿನ ಫೋನುಗಳದ್ದು ಮೂವತ್ತು. ಅದನ್ನು ಇಪ್ಪತ್ತೈದಕ್ಕೆ ಇಳಿಸಿದರೆ ಪ್ರತಿ ಆರರಲ್ಲಿ ಒಂದು ಚಿತ್ರ ಕಸದ ಬುಟ್ಟಿಗೆ ಹೋಗುತ್ತದೆ, ಆ ಒಂದರಲ್ಲಿ ತುಟಿ ಕೂಡಿದ ಗಳಿಗೆ ಇದ್ದರೆ? ಮೂವತ್ತೇ ಇರಲಿ ಅಂದಳು. ರೋಹನ್‌ನ ಅರವತ್ತರಲ್ಲಿ ಒಂದು ಬಿಟ್ಟು ಒಂದು ತೆಗೆದರೆ ಮೂವತ್ತು, ಸರಾಗ. ಇಪ್ಪತ್ತೈದರದ್ದಕ್ಕೆ ಅಲ್ಲಲ್ಲಿ ಒಂದು ಚಿತ್ರ ಎರಡು ಸಲ ಬರುತ್ತದೆ, ಬರಲಿ. ಇರುವುದು ಇನ್ನೊಮ್ಮೆ ಬಂದರೆ ನಷ್ಟವಿಲ್ಲ.

ದನಿಗಳನ್ನೂ ಒಂದೇ ಅಳತೆಗೆ ತಂದಳು, ಕೂಗಿದವರನ್ನು ತಗ್ಗಿಸಿ ಪಿಸುಗುಟ್ಟಿದವರನ್ನು ಎತ್ತಿದಳು. ಕೊಳಲು ತೆಗೆದಳು. ಮೆಷಿನ್ ಹಾಕಿದ ಕಿವಿಗೆ ಕೊಳಲೂ ಮಾತೂ ಒಟ್ಟಿಗೆ ಹೋದರೆ ಗೊಜ್ಜಾಗುತ್ತದೆ. ವಿಂಧ್ಯಾಳ ಪಕ್ಕದ ಮಸುಕು ಮುಖಗಳನ್ನು ತೆಗೆದು ಬರೀ ಕಪ್ಪು ಬಿಟ್ಟಳು. ಅವು ಅವಳ ಜೊತೆಜೊತೆಗೇ ಬಾಯಿ ಆಡಿಸುತ್ತಿದ್ದವು, ಪಾಪ ಆಂಟಿ ಯಾವ ಬಾಯಿ ನೋಡಬೇಕಿತ್ತು? ಲ್ಯಾಪ್‌ಟಾಪಿನ ಮಬ್ಬು ಚಿತ್ರವನ್ನು ಪರದೆ ತುಂಬ ಹಿಗ್ಗಿಸದೆ, ತುಟಿ ತಿಳಿಯಾಗಿ ಕಾಣುವಷ್ಟಕ್ಕೇ ನಿಲ್ಲಿಸಿದಳು. ಹೂಗಳನ್ನೆಲ್ಲ ಗುಡಿಸಿ ಹಾಕಿದಳು.

ಎಲ್ಲ ಒಂದೇ ಅಳತೆ, ಒಂದೇ ವೇಗ, ಒಂದೇ ಬಗೆಯ ದನಿ ಆದ ಮೇಲೆ ಜೋಡಿಸುವುದು ಮಕ್ಕಳಾಟ. ಮೊದಲ ದಿನ ಹಸಿರು ಚೌಕ ಉಗುಳಿದ್ದ ಅದೇ ಪುಟ್ಟ ಸಾಧನ ಈಗ ಗೊಣಗದೆ ಅಂಟಿಸಿತು. ಆಮೇಲೆ ಅಪೂರ್ವಾ ಹೆಡ್‌ಫೋನ್ ಕಿತ್ತಿಟ್ಟು, ದನಿ ಪೂರ್ತಿ ತೆಗೆದು, ಬರೀ ತುಟಿಗಳನ್ನು ನೋಡಿದಳು. ರೋಹನ್ ಏನಂದ ಅಂತ ಅವಳಿಗೆ ಬಾಯಿಪಾಠ ಇತ್ತು, ಆದರೂ ಎರಡೇ ನಿಮಿಷಕ್ಕೆ ಕಣ್ಣು ಸೋತು ನೀರು ಬಂತು. ಅನಸೂಯಮ್ಮ ದಿನವಿಡೀ ಇದನ್ನು ಮಾಡುತ್ತಾರೆ. ಮಾಡುತ್ತಾ ನಗುತ್ತಾರೆ, ಮೇಲೆ ಚಹಾ ಬೇರೆ ಕೊಡುತ್ತಾರೆ. ಅವಳಿಗೆ ತನ್ನ ಮೇಲೆ ಬಹಳ ಸಿಟ್ಟು ಬಂತು.

ಮಾರನೆ ದಿನ ಮಧ್ಯಾಹ್ನ ಲ್ಯಾಪ್‌ಟಾಪು, ವೈರಿನ ಸ್ಪೀಕರು ಹಿಡಿದು ಅವರ ಮನೆಗೆ ಹೋದಳು. ಹಾಲಿನ ಗೋಡೆಯ ಮೇಲೆ ಬೋರ್ಡಿದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು. ಬೋರ್ಡನ್ನು ಹಳೇ ಸೀರೆಯಲ್ಲಿ ಸುತ್ತಿ ಬಾಗಿಲ ಪಕ್ಕ ಒರಗಿಸಿದ್ದರು. ಟ್ರಸ್ಟಿನವರು ಸಂಜೆ ಬರುತ್ತಾರೆ ಅಂದರು ಲಿಂಗರಾಜರು.

"ಒಂದ್ಸಲ ನೋಡಿದೆನಲ್ಲ ಪುಟ್ಟಿ," ಅಂದರು ಅನಸೂಯಮ್ಮ. "ಮತ್ತೆ ಯಾಕೆ ತೊಂದ್ರೆ? ಚೆನ್ನಾಗಿತ್ತು, ಚೆನ್ನಾಗಿತ್ತು."

ಅಪೂರ್ವಾ ಅವರೆದುರು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತಳು. "ಆಂಟಿ, ಅವತ್ತು ಬಾಯಿ ಒಂದು, ಮಾತು ಒಂದು ಆಗಿತ್ತು ಅಲ್ವಾ?"

ಅನಸೂಯಮ್ಮ ಗಂಡನ ಕಡೆ ತಿರುಗಿ ಒಂದು ನೋಟ ಬಿಟ್ಟರು. ಲಿಂಗರಾಜರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

"ಅದು ನಿಮ್ಮ ಕಿವಿಯಲ್ಲ. ನನ್ನ ಫೈಲು. ನಾನು ಜೋಡಿಸಿದ್ದು ತಪ್ಪಾಗಿತ್ತು. ನೀವು ನೋಡಿದ್ದು ನಿಜ."

"ನನ್ನ ಸಮಾಧಾನಕ್ಕೆ ಹೇಳ್ಬ್ಯಾಡವ್ವ. ನನಗೆ ವಯಸ್ಸಾಯ್ತು ಅನ್ನೋದು ನನಗೇನು ಹೊಸ ಸುದ್ದಿಯಲ್ಲ."

"ಅಲ್ಲಿದ್ದವರಲ್ಲಿ ಸರಿಯಾಗಿ ನೋಡಿದ್ದು ನೀವೊಬ್ರೇ, ಆಂಟಿ. ತಪ್ಪು ಹಿಡಿದಿದ್ದೂ ನೀವೇ, ತಪ್ಪು ನಂದು ಅಂತ ಹೊತ್ಕೊಂಡಿದ್ದೂ ನೀವೇ." ಅಪೂರ್ವಾಗೆ ಅವರ ಕಣ್ಣು ತಪ್ಪಿಸಬೇಕೆನಿಸಿತು. ಅವಳು ಮುಖ ಆಚೆ ತಿರುಗಿಸಲಿಲ್ಲ, ತಿರುಗಿಸಿದರೆ ಮಾತು ಅವರಿಗೆ ಸಿಗುತ್ತಿರಲಿಲ್ಲ. "ಒಂದ್ಸಲ ನೋಡಿ. ತಲೆನೋವು ಬಂದ್ರೆ ನಿಲ್ಲಿಸಿಬಿಡ್ತೀನಿ."

ಅನಸೂಯಮ್ಮ ಕನ್ನಡಕ ಒರೆಸಿಕೊಂಡರು. ಮರ್ಯಾದೆಗೆ ಕೂತವರ ಹಾಗೆ ಕೂತರು, ಬೆನ್ನು ಕುರ್ಚಿಗೆ ಒರಗಿಸಿ. ಲಿಂಗರಾಜರು ಸ್ಪೀಕರಿನ ವೈರು ಚುಚ್ಚಿದರು.

ರೋಹನ್ ಬಂದ. ಕೊಯಾಲಿಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಶುರು ಮಾಡಿದ: "ಟೀಚರ್, ನಾನು ಒತ್ತಕ್ಷರ ಬರೀದೆ ಕಳ್ಳಾಟ ಆಡಿದ್ದಕ್ಕೆ ನೀವು ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ, ನೆನಪಿದೆಯಾ?"

ಅನಸೂಯಮ್ಮನ ಬೆನ್ನು ಕುರ್ಚಿಯಿಂದ ಎದ್ದಿತು. ಕಣ್ಣು ರೋಹನ್‌ನ ಬಾಯಿಂದ ಕದಲಲಿಲ್ಲ. ಅವನು ಮುಂದಿನ ವಾಕ್ಯ ಹೇಳಿದ, ಅದರ ಮುಂದಿನದೂ ಹೇಳಿದ.

"ಏ, ನಿಲ್ಲಿಸೇ," ಅಂದರು.

ಅಪೂರ್ವಾ ತಟ್ಟನೆ ನಿಲ್ಲಿಸಿದಳು. "ತಲೆನೋವು ಬಂತಾ ಆಂಟಿ?"

"ಬೆಂಚಂತೆ ಬೆಂಚು! ನಮ್ಮನೇಲಿ ಬೆಂಚು ಯಾವಾಗಿತ್ತು? ಈ ದಿವಾನದ ಮ್ಯಾಲೆ ನಿಲ್ಲಿಸಿದ್ದೆ, ಇದೇ ದಿವಾನ. ನಿಂತಲ್ಲೇ ಕುಣಿದು ಹಲಗೆ ಮುರಿದು ಹಾಕಿದ. ಅದನ್ನ ಹೇಳ್ತಾನಾ ನೋಡು, ಭಂಡ." ಗಂಡನ ಕಡೆ ತಿರುಗಿದರು. "ರೀ, ಬಡಗಿನ ಕರೆಸಿದ್ವಿ ಅಲ್ವೇನ್ರಿ?"

"ಕರೆಸಿದ್ವಿ," ಅಂದರು ಲಿಂಗರಾಜರು. ಆ ಒಂದು ಮಾತಿಗೇ ಅವರ ದನಿ ಒಡೆಯಿತು.

ಅನಸೂಯಮ್ಮನಿಗೂ ಆಗ ಹೊಳೆಯಿತು, ತಾನೀಗ ಏನು ಮಾಡಿದೆ ಅಂತ. ಪರದೆ ನೋಡಿದರು, ಅಪೂರ್ವಾಳನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡು, "ಹೂಂ, ಮುಂದಕ್ಕೆ ಬಿಡು," ಅಂದರು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ವಿಂಧ್ಯಾಳಿಗೆ ಉತ್ತರ ಕೊಟ್ಟರು, ಕ್ಯಾಮೆರಾದ ಹುಡುಗನಿಗೆ "ಮೊದಲು ಕೂದಲು ಕಟ್ ಮಾಡಿಸ್ಕೊ" ಅಂದರು, ಮಬ್ಬು ಲ್ಯಾಪ್‌ಟಾಪಿನವಳು ಮದುವೆ ಗೊತ್ತಾಗಿದೆ ಅಂದಾಗ ಹುಡುಗ ಯಾವ ಕಡೆಯವನು ಅಂತ ಪರದೆಯನ್ನೇ ಕೇಳಿದರು. ನಗಬೇಕಾದ ಜಾಗದಲ್ಲೇ ನಕ್ಕರು. ಅಪೂರ್ವಾ ಪರದೆ ನೋಡಲೇ ಇಲ್ಲ.

ಕಟ್ಟಕಡೆಗೆ ಪ್ರಾರ್ಥನಾ ಬಂದಳು. ಅಡುಗೆಮನೆಯ ಮಂದ ಬೆಳಕು, ಹಿಂದೆ ಕುಕ್ಕರು. ಉರು ಹೊಡೆದದ್ದೆಲ್ಲ ಹೇಳಿ ಮುಗಿಸಿ, ಮಗು ಒಮ್ಮೆ ಕೆಳಗೆ ನೋಡಿ, ಮತ್ತೆ ತಲೆ ಎತ್ತಿತು.

"ಟೀಚರ್, ಕ್ಲಾಸ್ ಬಂದ್ ಮಾಡ್ಬೇಡಿ. ನನಗೆ ಇನ್ನೂ ಅರ್ಧ ಕನ್ನಡ ಮಾತ್ರ ಬರುತ್ತೆ. ಊರಲ್ಲಿ ನಮ್ಮಜ್ಜಿ ಹತ್ರ ಅರ್ಧ ಮಾತಾಡಿ ಫೋನ್ ಅಮ್ಮಂಗೆ ಕೊಟ್ಟುಬಿಡ್ತೀನಿ. ನಿಮಗೆ ಕೇಳಿಸಲ್ಲ ಅಂದ್ರೆ ನಾವೆಲ್ಲ ಜೋರಾಗಿ ಮಾತಾಡ್ತೀವಿ. ಪ್ರಾಮಿಸ್."

ತುಟಿ ಮುಚ್ಚಿತು, ಮಾತೂ ಅಲ್ಲಿಗೇ ಮುಗಿಯಿತು. ಪರದೆ ಕಪ್ಪಾಯಿತು.

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅದು ಅನಸೂಯಮ್ಮನಿಗೆ ಕೇಳಿಸಿತೋ ಇಲ್ಲವೋ.

"ಜೋರಾಗಿ ಬ್ಯಾಡ," ಅಂದರು ಕೊನೆಗೆ. ದನಿ ಸಣ್ಣಗಿತ್ತು. "ಜೋರು ಮಾಡಿದ್ರೆ ಬಾಯಿ ಸೊಟ್ಟಗಾಗುತ್ತೆ, ಇನ್ನೂ ತಿಳಿಯಲ್ಲ. ಮುಖ ಕೊಟ್ಟು ಮಾತಾಡ್ಲಿ, ಸಾಕು."

ಎದ್ದು ಕಿಟಕಿಯ ಹತ್ತಿರ ಹೋದರು. ಕಿಟಕಿ ನೋಡಿದರು, ಬೋರ್ಡಿದ್ದ ಬಿಳಿ ಚೌಕ ನೋಡಿದರು, ನಡುವೆ ಚಾಪೆ ಬೀಳುತ್ತಿದ್ದ ನೆಲ ನೋಡಿದರು.

"ಇಷ್ಟು ವರ್ಷ ಆ ಮಕ್ಕಳನ್ನ ಬೆಳಕಿಗೆ ಬೆನ್ನು ಮಾಡಿ ಕೂರಿಸಿದೀನಿ ನೋಡು. ಮುಖ ಎಲ್ಲ ಕತ್ತಲು. ಅದಕ್ಕೇ ಏನೂ ತಿಳೀತಿರಲಿಲ್ಲ." ತಲೆಗೆ ಮೆಲ್ಲಗೆ ಒಂದು ಏಟು ಹಾಕಿಕೊಂಡರು. "ರೀ, ಆ ಟ್ರಸ್ಟಿನವರಿಗೆ ಫೋನ್ ಮಾಡಿ ಬರಬ್ಯಾಡ್ರಿ ಅನ್ನಿ. ಬೋರ್ಡು ಕಿಟಕಿ ಪಕ್ಕದ ಗೋಡೆಗೆ ಹಾಕೋಣ. ಮಕ್ಕಳು ಈ ಕಡೆ ಮುಖ ಮಾಡಿ ಕೂರಲಿ."

ಲಿಂಗರಾಜರು ಮರುಮಾತಾಡದೆ ಸುತ್ತಿಗೆ ಹುಡುಕಲು ಒಳಗೆ ಹೋದರು. ಅಪೂರ್ವಾ ಬಾಗಿಲ ಬಳಿ ಕೂತು ಬೋರ್ಡಿಗೆ ಸುತ್ತಿದ್ದ ಸೀರೆಯ ಗಂಟು ಬಿಚ್ಚತೊಡಗಿದಳು.

"ಆ ಪ್ರಾರ್ಥನಾಗೆ ಹೇಳು," ಅಂದರು ಅನಸೂಯಮ್ಮ ಹಿಂದಿನಿಂದ. "ಬರೋ ಭಾನುವಾರ ಮುಂದಿನ ಸಾಲಲ್ಲಿ ಕೂತ್ಕೊಬೇಕು ಅಂತ."

ಅಪೂರ್ವಾ ಗಂಟು ಬಿಟ್ಟು, ಪೂರ್ತಿ ಅವರ ಕಡೆ ತಿರುಗಿ, ಮುಖ ಎತ್ತಿ, ಹೂಂ ಆಂಟಿ ಅಂದಳು.